ಬಾರದ ಬಾಕಿ: ಪ್ರಾವಿಷನ್ ಮಾಡಬೇಕಾ, ರೈಟ್ ಆಫ್ ಮಾಡಬೇಕಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಪೇಂಟ್ ಮತ್ತು ಹಾರ್ಡ್‌ವೇರ್ ಹೋಲ್‌ಸೇಲ್. ಒಬ್ಬ ಕಂಟ್ರಾಕ್ಟರ್ 2023ರಲ್ಲಿ ತಗೊಂಡ ಮಾಲಿಗೆ ಜಿಎಸ್‌ಟಿ ಸೇರಿ 11.80 ಲಕ್ಷ ಕೊಡಬೇಕು. ಕೋರ್ಟಲ್ಲಿ ಕೇಸ್ ನಡೀತಿದೆ, ಸ್ವಲ್ಪವಾದರೂ ಬರಬಹುದು ಅಂತ ಆಸೆ ಇದೆ. 2025-26ರ ಲೆಕ್ಕ ಮುಗಿಸಬೇಕು. ಅಕೌಂಟೆಂಟ್ "ಪ್ರಾವಿಷನ್ ಹಾಕೋಣ" ಅಂತಾರೆ. ಆಡಿಟರ್ "ಅದು ತೆರಿಗೆಗೆ ನಡೆಯಲ್ಲ, ರೈಟ್ ಆಫ್ ಮಾಡಿ" ಅಂತಾರೆ. ರೈಟ್ ಆಫ್ ಮಾಡಿದ್ರೆ ಕೇಸ್ ಬಿದ್ದು ಹೋಗಲ್ವಾ? ನಷ್ಟ ಇನ್ನೂ ಖಾತ್ರಿ ಆಗದೆ ಅದನ್ನ ಕಳೆಯೋದಾದ್ರೂ ಹೇಗೆ? ಜೊತೆಗೆ ಒಬ್ಬ ಸಪ್ಲೈಯರ್‌ಗೆ ಕೊಟ್ಟ 2 ಲಕ್ಷ ಅಡ್ವಾನ್ಸ್ ಕೂಡ ಮುಳುಗಿದೆ. ಅದನ್ನೂ ಸೇರಿಸಬಹುದಾ?

ಉತ್ತರ: ನಿಮ್ಮ ಆಡಿಟರ್ ಹೇಳಿದ್ದೇ ಸರಿ. ಪ್ರಾವಿಷನ್ ಹಾಕಿದರೆ, ಅಂದರೆ ಹೋಗಬಹುದು ಅಂತ ಮೊತ್ತ ಎತ್ತಿಟ್ಟರೆ, ತೆರಿಗೆಯ ಆದಾಯದಿಂದ ಒಂದು ರೂಪಾಯಿಯೂ ಕಳೆಯಲು ಬರುವುದಿಲ್ಲ. ರೈಟ್ ಆಫ್ ಮಾಡಿದರೆ, ಅಂದರೆ ಬಾಕಿಯನ್ನೇ ಪುಸ್ತಕದಿಂದ ತೆಗೆದರೆ ಬರುತ್ತೆ, ಕೇಸ್ ನಡೀತಿದ್ದರೂ ಬರುತ್ತೆ, ಹಣ ಬರಬಹುದು ಎಂಬ ಆಸೆ ನಿಮಗಿದ್ದರೂ ಬರುತ್ತೆ. ರೈಟ್ ಆಫ್ ಮಾಡಿದ ಮಾತ್ರಕ್ಕೆ ಕೇಸ್ ಬೀಳುವುದಿಲ್ಲ. ಆದರೆ ಎಂಟ್ರಿ ಹಾಕುವ ರೀತಿಯಲ್ಲಿ ಎಡವಟ್ಟು ಮಾಡಿಕೊಂಡರೆ ಎದುರು ಪಾರ್ಟಿಯ ವಕೀಲರ ಕೈಗೆ ನೀವೇ ಕಾಗದ ಕೊಟ್ಟಂತೆ ಆಗಬಹುದು. ಅಡ್ವಾನ್ಸ್ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಷ್ಟ ಖಾತ್ರಿ ಆಗಬೇಕಾ ಅನ್ನೋ ಪ್ರಶ್ನೆ. 1989ಕ್ಕೆ ಮೊದಲು ಹೌದು, ಖಾತ್ರಿ ಆಗಲೇಬೇಕಿತ್ತು. ಸಾಲ ಕೆಟ್ಟು ಹೋಗಿದೆ ಅಂತ ವ್ಯಾಪಾರಿಯೇ ಸಾಬೀತು ಮಾಡಬೇಕು, ಅದೂ ಅದೇ ವರ್ಷ ಕೆಟ್ಟಿದ್ದು ಅಂತ. ಇದರಿಂದ ಆಗುತ್ತಿದ್ದ ಫಜೀತಿ ಅಷ್ಟಿಷ್ಟಲ್ಲ. ಈ ವರ್ಷ ಕೇಳಿದರೆ "ಪಾರ್ಟಿ ಇನ್ನೂ ಬದುಕಿದ್ದಾನೆ, ಆಸ್ತಿ ಇದೆ, ಸಾಲ ಇನ್ನೂ ಕೆಟ್ಟಿಲ್ಲ" ಅನ್ನೋರು. ಎರಡು ವರ್ಷ ಬಿಟ್ಟು ಕೇಳಿದರೆ "ಇದು ಹೋದ ವರ್ಷವೇ ಕೆಟ್ಟಿತ್ತಲ್ಲ, ಆಗಲೇ ಕೇಳಬೇಕಿತ್ತು" ಅನ್ನೋರು. ಈ ಜಗಳ ತಪ್ಪಿಸಲು ಅಂತಲೇ 1989ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 36(1)(vii) ಅನ್ನು ಬದಲಾಯಿಸಿದರು. ಅಲ್ಲಿಂದ ಕಾನೂನು ಕೇಳುವುದು ಒಂದೇ: ವಸೂಲಾಗದು ಅಂತ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಆ ವರ್ಷ ತೆಗೆದು ಹಾಕಿದ್ದೀರಾ, ಇಲ್ಲವಾ?

ಕಾಯ್ದೆ ಬದಲಾದರೂ ಅಧಿಕಾರಿಗಳು ಬದಲಾಗಲಿಲ್ಲ ಅನ್ನಿ. ಇಪ್ಪತ್ತು ವರ್ಷ "ಕೆಟ್ಟಿದೆ ಅಂತ ತೋರಿಸಿ" ಅಂತ ಕೇಳುತ್ತಲೇ ಇದ್ದರು. 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸಾಲ ನಿಜವಾಗಿ ವಸೂಲಾಗದೆ ಹೋಯಿತು ಅಂತ ಸಾಬೀತು ಮಾಡುವ ಅಗತ್ಯ ಇಲ್ಲ, ಪುಸ್ತಕದಲ್ಲಿ ರೈಟ್ ಆಫ್ ಆಗಿದ್ದರೆ ಸಾಕು. 2016ರಲ್ಲಿ ತೆರಿಗೆ ಮಂಡಳಿಯೇ 12/2016ನೇ ಸುತ್ತೋಲೆ ಹೊರಡಿಸಿ ಇದನ್ನು ಒಪ್ಪಿಕೊಂಡಿತು. ಹಾಗಾಗಿ ಇವತ್ತು ನಿಮ್ಮ ಮಟ್ಟಿಗೆ ನಷ್ಟ "ಆಗಿಯೇ ಹೋಯಿತಾ" ಅನ್ನುವುದು ಪ್ರಶ್ನೆಯೇ ಅಲ್ಲ. ವಸೂಲಾಗಲ್ಲ ಅಂತ ವ್ಯಾಪಾರಿಯಾಗಿ ನೀವು ಪ್ರಾಮಾಣಿಕವಾಗಿ ತೀರ್ಮಾನಿಸಿ ಪುಸ್ತಕದಲ್ಲಿ ತೆಗೆದಿರಬೇಕು, ಅಷ್ಟೇ.

ಹಾಗಾದರೆ ಪ್ರಾವಿಷನ್ ಯಾಕೆ ನಡೆಯಲ್ಲ? ಅದನ್ನೂ ಪುಸ್ತಕದಲ್ಲೇ ಬರೆಯುತ್ತೇವಲ್ಲ, ಲಾಭವೂ ಅಷ್ಟೇ ಕಡಿಮೆ ಆಗುತ್ತಲ್ಲ? ಕೇಳಬೇಕಾದ ಮಾತೇ. ಆದರೆ ಪ್ರಾವಿಷನ್ ಅಂದರೆ "ಹೋಗಬಹುದು" ಅಂತ ಎತ್ತಿಟ್ಟ ಮೊತ್ತ. ಬಾಕಿ ಬಾಕಿಯಾಗಿಯೇ ಆಸ್ತಿ ಕಡೆ ಪೂರ್ತಿ ನಿಂತಿರುತ್ತೆ, ಪಕ್ಕದಲ್ಲಿ ಇದೊಂದು ಸಾಲು ಕೂತಿರುತ್ತೆ. ರೈಟ್ ಆಫ್‌ನಲ್ಲಿ ಬಾಕಿಯೇ ಆಸ್ತಿಯಿಂದ ಇಳಿದು ಹೋಗುತ್ತೆ. 2001ರಲ್ಲಿ ಇದೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿ, ಅದನ್ನೂ 1989ರಿಂದಲೇ ಅನ್ವಯ ಮಾಡಿ, ಪ್ರಾವಿಷನ್ ಮಾಡಿದ್ದು ರೈಟ್ ಆಫ್ ಅಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಸದರ್ನ್ ಟೆಕ್ನಾಲಜೀಸ್ ಅನ್ನೋ ಫೈನಾನ್ಸ್ ಕಂಪನಿ "ರಿಸರ್ವ್ ಬ್ಯಾಂಕೇ ನಮಗೆ ಪ್ರಾವಿಷನ್ ಕಡ್ಡಾಯ ಮಾಡಿದೆ, ನಾವಾಗಿ ಹಾಕಿದ್ದಲ್ಲ" ಅಂತ ವಾದ ಮಾಡಿತ್ತು. ಅದೂ ನಡೆಯಲಿಲ್ಲ. ರಿಸರ್ವ್ ಬ್ಯಾಂಕ್ ನಿಯಮ ಲೆಕ್ಕ ತೋರಿಸುವ ರೀತಿಗೆ ಸಂಬಂಧಿಸಿದ್ದು, ತೆರಿಗೆಯ ಆದಾಯ ಲೆಕ್ಕ ಹಾಕುವುದು ತೆರಿಗೆ ಕಾಯ್ದೆ ಅಂತ ಕೋರ್ಟ್ ಹೇಳಿತು. ಅದೂ 2010ರದ್ದೇ ತೀರ್ಪು.

ಈಗ ನಿಮ್ಮ ನಿಜವಾದ ಭಯ, ಕೇಸ್‌ನದ್ದು. ಇದಕ್ಕೆ ಉತ್ತರ ನಮ್ಮ ಊರಿನ ಬ್ಯಾಂಕ್ ಒಂದರ ಕೇಸಲ್ಲೇ ಇದೆ. ಬೆಂಗಳೂರಲ್ಲಿ ಹೆಡ್ ಆಫೀಸ್ ಇದ್ದ ವಿಜಯಾ ಬ್ಯಾಂಕ್, ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಗಿದೆ, ಅಲ್ವಾ? ಅವರು ಕೆಟ್ಟ ಸಾಲದ ಮೊತ್ತವನ್ನು ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಿ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಮತ್ತು ಮುಂಗಡ ಅನ್ನೋ ಆಸ್ತಿಯಿಂದ ಅಷ್ಟನ್ನೂ ಇಳಿಸಿದರು. ಆದರೆ ಒಬ್ಬೊಬ್ಬ ಸಾಲಗಾರನ ಖಾತೆಯನ್ನು ಮುಚ್ಚಲಿಲ್ಲ. ಇಲಾಖೆ "ಪ್ರತಿ ಖಾತೆ ಮುಚ್ಚದೆ ಇದು ರೈಟ್ ಆಫ್ ಹೇಗಾಗುತ್ತೆ?" ಅಂದಿತು. ಬ್ಯಾಂಕಿನ ಉತ್ತರ ನಿಮ್ಮ ಭಯವೇ: ಖಾತೆ ಮುಚ್ಚಿದರೆ ವಸೂಲಿ ದಾವೆಯಲ್ಲಿ ಸಾಲಗಾರ "ಬ್ಯಾಂಕಿನ ಪುಸ್ತಕದಲ್ಲೇ ನನ್ನ ಬಾಕಿ ಇಲ್ಲ" ಅಂತಾನೆ. ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿ ಇಳಿದಿದ್ದರೆ ಸಾಕು, ಒಬ್ಬೊಬ್ಬರ ಖಾತೆ ಮುಚ್ಚಬೇಕಿಲ್ಲ.

ನಿಮ್ಮ ಪುಸ್ತಕ ನಿಮ್ಮ ಪುಸ್ತಕ, ಅಷ್ಟೇ. ನೀವು ಅದರಲ್ಲಿ ಏನು ಬರೆದುಕೊಂಡರೂ ಕಂಟ್ರಾಕ್ಟರ್ ಕೊಡಬೇಕಾದ್ದು ಮನ್ನಾ ಆಗುವುದಿಲ್ಲ. ಮನ್ನಾ ಆಗಬೇಕಾದರೆ ನೀವು ಅವರಿಗೆ ಬಿಟ್ಟುಕೊಟ್ಟೆ ಅಂತ ತಿಳಿಸಬೇಕು. ಎಡವಟ್ಟು ಆಗುವುದು ಇಲ್ಲೇ. ಟ್ಯಾಲಿಯಲ್ಲಿ ಪಾರ್ಟಿ ಬ್ಯಾಲೆನ್ಸ್ ಸೊನ್ನೆ ಮಾಡಲು ಸುಮ್ನೆ ಒಂದು ಕ್ರೆಡಿಟ್ ನೋಟ್ ಹಾಕಿಬಿಡುವ ಅಕೌಂಟೆಂಟ್‌ಗಳಿದ್ದಾರೆ. ದಯವಿಟ್ಟು ಹಾಕಬೇಡಿ. ಆ ಕ್ರೆಡಿಟ್ ನೋಟ್ ನಿಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ ಹೋದರೆ ಅದು ಪಾರ್ಟಿಯ GSTR-2Bಯಲ್ಲಿ ಕಾಣಿಸುತ್ತೆ. ಅವರ ವಕೀಲರು ಅದನ್ನೇ ಪ್ರಿಂಟ್ ತೆಗೆದು "ಮಾಲಿನ ಬೆಲೆಯನ್ನು ಇವರೇ ಕಡಿಮೆ ಮಾಡಿದ್ದಾರೆ" ಅಂತ ಕೋರ್ಟಿಗೆ ಕೊಡುತ್ತಾರೆ. ಜಿಎಸ್‌ಟಿ ಕಾನೂನಿನಲ್ಲೂ ಹಣ ಬರಲಿಲ್ಲ ಅನ್ನುವ ಕಾರಣಕ್ಕೆ ಕ್ರೆಡಿಟ್ ನೋಟ್ ಕೊಡಲು ಅವಕಾಶವಿಲ್ಲ. ಮಾಲು ವಾಪಸ್ ಬಂದಿರಬೇಕು, ಮಾಲಿನಲ್ಲಿ ದೋಷ ಇರಬೇಕು, ಇಲ್ಲವೇ ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿರಬೇಕು.

ಸರಿಯಾದ ದಾರಿ ಜರ್ನಲ್ ಎಂಟ್ರಿ. ಬ್ಯಾಡ್ ಡೆಟ್ಸ್ ಖಾತೆಗೆ ಡೆಬಿಟ್, ಪಾರ್ಟಿ ಖಾತೆಗೆ ಕ್ರೆಡಿಟ್, ದಿನಾಂಕ 31 ಮಾರ್ಚ್ 2026. ಕೆಳಗಿನ ವಿವರಣೆ ಸಾಲಿನಲ್ಲಿ "ವಸೂಲಾಗದ ಬಾಕಿ ಎಂದು ರೈಟ್ ಆಫ್ ಮಾಡಲಾಗಿದೆ, ವಸೂಲಿ ಹಕ್ಕು ಮತ್ತು ದಾವೆ ಮುಂದುವರಿದಿದೆ" ಅಂತ ಬರೆದು ದಾವೆಯ ನಂಬರ್ ಹಾಕಿ. ಪಾರ್ಟಿ ಲೆಡ್ಜರ್ ಮುಟ್ಟುವುದೇ ಬೇಡ ಅಂತ ನಿಮ್ಮ ವಕೀಲರು ಹೇಳಿದರೆ ಇನ್ನೊಂದು ದಾರಿ ಇದೆ. ಸಾಲಗಾರರ ಗುಂಪಿನ ಒಳಗೇ "ರೈಟ್ ಆಫ್ ಆದ ಬಾಕಿ" ಅಂತ ಬೇರೆ ಲೆಡ್ಜರ್ ತೆರೆದು ಕ್ರೆಡಿಟ್ ಅಲ್ಲಿಗೆ ಹಾಕಿ. ಆಗ ಪಾರ್ಟಿ ಖಾತೆಯಲ್ಲಿ 11.80 ಲಕ್ಷ ಹಾಗೇ ಇರುತ್ತೆ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲಗಾರರ ಒಟ್ಟು ಮೊತ್ತ ಇಳಿಯುತ್ತೆ. ವಿಜಯಾ ಬ್ಯಾಂಕ್ ಮಾಡಿದ್ದೂ ಇಂಥದ್ದೇ. ಆದರೆ ಆ ಲೆಡ್ಜರ್‌ಗೆ "ಪ್ರಾವಿಷನ್" ಅಂತ ಹೆಸರಿಡಬೇಡಿ, ಅದು ಸಾಲದ ಕಡೆ ಹೋಗಿ ಕೂರಲೂಬಾರದು. ಹೆಸರೊಂದರಿಂದಲೇ ಕೇಸ್ ತೀರ್ಮಾನ ಆಗಲ್ಲ, ನಿಜ. ಆದರೆ ನೋಟಿಸ್ ಬರಲು ಹೆಸರೊಂದೇ ಸಾಕು.

ಎಷ್ಟು ತೆಗೆಯಬೇಕು? ಪೂರ್ತಿ ತೆಗೆಯಲೇಬೇಕು ಅಂತಿಲ್ಲ. ಕಾಯ್ದೆ "ಸಾಲ ಅಥವಾ ಅದರ ಭಾಗ" ಅಂತಲೇ ಹೇಳುತ್ತೆ. ನಿಮ್ಮ ಆಸೆಗೂ ತೆರಿಗೆಗೂ ಹೊಂದಾಣಿಕೆ ಆಗುವುದು ಇಲ್ಲೇ. ಜಿಎಸ್‌ಟಿ ಬಿಟ್ಟು ಮಾಲಿನ ಬೆಲೆ 10 ಲಕ್ಷ ಅಂತ ಇಟ್ಟುಕೊಳ್ಳಿ. ಕೇಸಿನಿಂದ 4 ಲಕ್ಷ ಬರಬಹುದು ಅನ್ನಿಸಿದರೆ 6 ಲಕ್ಷ ರೈಟ್ ಆಫ್ ಮಾಡಿ. ನೀವು 30 ಶೇಕಡಾ ಸ್ಲ್ಯಾಬಿನಲ್ಲಿ ಇದ್ದರೆ ಸೆಸ್ ಸೇರಿ ಈ ವರ್ಷ 1,87,200 ರೂಪಾಯಿ ತೆರಿಗೆ ಉಳಿಯುತ್ತೆ.

ಎರಡು ಮೂರು ವರ್ಷ ಬಿಟ್ಟು ಕೇಸ್ ರಾಜಿಯಾಗಿ 5 ಲಕ್ಷ ಬಂತು ಅನ್ನೋಣ. ಪುಸ್ತಕದಲ್ಲಿ ಉಳಿಸಿಕೊಂಡಿದ್ದು 4 ಲಕ್ಷ, ಬಂದಿದ್ದು 5. ಆ ಹೆಚ್ಚುವರಿ 1 ಲಕ್ಷ ಬಂದ ವರ್ಷದ ವ್ಯಾಪಾರದ ಆದಾಯ, ಅದಕ್ಕೆ ತೆರಿಗೆ ಕಟ್ಟಬೇಕು. ಸೆಕ್ಷನ್ 41(4) ಇರುವುದು ಇದಕ್ಕೇ, ಅಷ್ಟರಲ್ಲಿ ನೀವು ಅಂಗಡಿ ಮುಚ್ಚಿದ್ದರೂ ಅದು ಬಿಡುವುದಿಲ್ಲ. ಅದೇ 2.5 ಲಕ್ಷ ಮಾತ್ರ ಬಂದು ಇನ್ನೇನೂ ಬರಲ್ಲ ಅಂತ ಆದರೆ, ಉಳಿದ 1.5 ಲಕ್ಷವನ್ನು ಆ ವರ್ಷ ಕಳೆಯಬಹುದು. ಅದಕ್ಕೆ ಸೆಕ್ಷನ್ 36(2)ರಲ್ಲಿ ದಾರಿ ಇದೆ. ಪೂರ್ತಿ 10 ಲಕ್ಷ ಈಗಲೇ ತೆಗೆದರೆ ಮುಂದೆ ಬಂದಿದ್ದೆಲ್ಲ ಆದಾಯ. ಕಂಟ್ರಾಕ್ಟರ್ ಕೆಲಸ ನಿಲ್ಲಿಸಿ, ಅವರ ಹೆಸರಲ್ಲಿ ಆಸ್ತಿ ಏನೂ ಕಾಣದೆ ಇದ್ದರೆ ನಾನಾದರೆ ಪೂರ್ತಿಯೇ ತೆಗೆಯುತ್ತೇನೆ. ಇನ್ನೂ ಕೆಲಸ ಮಾಡಿಸುತ್ತಾ ಓಡಾಡುತ್ತಿದ್ದರೆ ಭಾಗಶಃ ತೆಗೆಯುವುದು ವಾಸಿ. ಒಂದೇ ವರ್ಷ ದೊಡ್ಡ ಮೊತ್ತ ವಾಪಸ್ ಬಂದು ಮೇಲಿನ ಸ್ಲ್ಯಾಬಿಗೆ ಹತ್ತಿಬಿಡುವ ಸಾಧ್ಯತೆಯನ್ನೂ ಮನಸ್ಸಲ್ಲಿಡಿ.

ಇನ್ನೂ ಖಾತ್ರಿ ಆಗದ ನಷ್ಟವನ್ನು ಇವತ್ತು ಕಳೆಯಲು ಸರ್ಕಾರ ಬಿಡುವುದು ಈ ವಾಪಸ್ ಲೆಕ್ಕ ಇರುವುದರಿಂದಲೇ. ಇವತ್ತಿನ ನಿಮ್ಮ ಅಂದಾಜು ತಪ್ಪಾದರೆ ಮುಂದೆ ಸರಿಯಾಗುತ್ತೆ. ಒಳ್ಳೆಯ ವ್ಯವಸ್ಥೆ ಅಂತಲೇ ನನ್ನ ಅಭಿಪ್ರಾಯ, ಹಳೆಯ ಸಾಬೀತಿನ ಗೋಳಿಗಿಂತ ಎಷ್ಟೋ ಮೇಲು.

ನಿಮ್ಮ ಅಕೌಂಟೆಂಟ್ ಪ್ರಾವಿಷನ್ ಅನ್ನೋದಕ್ಕೂ ಕಾರಣ ಇರಬಹುದು. "ಬೇರೆ ಪ್ರಾವಿಷನ್‌ಗಳು ತೆರಿಗೆಗೆ ನಡೆಯುತ್ತವಲ್ಲ" ಅಂತ ಎಲ್ಲೋ ಕೇಳಿರುತ್ತಾರೆ. ಅದು ನಿಜ, ಆದರೆ ಅವು ಬೇರೆ ಜಾತಿಯವು. ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್, ಈಗಿನ ಬಿಇಎಂಎಲ್, ನೌಕರರು ಗಳಿಸಿದ ರಜೆಯನ್ನು ಮುಂದೆ ನಗದು ಮಾಡಿಕೊಳ್ಳುತ್ತಾರೆ ಅಂತ ಅಂದಾಜು ಮಾಡಿ ಪ್ರಾವಿಷನ್ ಹಾಕಿತ್ತು. 2000ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಯಾಕೆಂದರೆ ರಜೆ ಆಗಲೇ ಗಳಿಸಿ ಆಗಿದೆ, ಕೊಡಬೇಕಾದ ಹೊಣೆ ಹುಟ್ಟಿ ಆಗಿದೆ, ಎಷ್ಟು ಮತ್ತು ಯಾವಾಗ ಅನ್ನುವುದಷ್ಟೇ ಅಂದಾಜು. ನಂತರ ರಜೆ ಹಣದ ಮಟ್ಟಿಗೆ ಸೆಕ್ಷನ್ 43Bಗೆ ತಿದ್ದುಪಡಿ ತಂದು, ಕೊಟ್ಟ ವರ್ಷ ಮಾತ್ರ ಕಳೆಯಬೇಕು ಅಂತ ಸರ್ಕಾರ ಮಾಡಿತು, ಆ ಮಾತು ಬೇರೆ. ಆದರೆ ಸೂತ್ರ ಉಳಿದಿದೆ. ರೋಟಾರ್ಕ್ ಪ್ರಕರಣದಲ್ಲಿ ವಾರಂಟಿಯ ಪ್ರಾವಿಷನ್‌ಗೂ 2009ರಲ್ಲಿ ಅದೇ ತರಹದ ಒಪ್ಪಿಗೆ ಸಿಕ್ಕಿತು: ಮಾರಿದ ಮಾಲಿಗೆ ವಾರಂಟಿ ಕೊಟ್ಟಾಗಲೇ ಹೊಣೆ ಹುಟ್ಟಿರುತ್ತೆ, ಹಳೆಯ ಅನುಭವದಿಂದ ಮೊತ್ತವನ್ನು ನಂಬುವಂತೆ ಅಂದಾಜು ಮಾಡಲು ಬರಬೇಕು. ನಿಮ್ಮ ಬಾಕಿಯಲ್ಲಿ ನೀವು ಯಾರಿಗೂ ಏನೂ ಕೊಡಬೇಕಿಲ್ಲ. ನಿಮಗೆ ಬರಬೇಕಾದ್ದು ಬರದೇ ಹೋಗಬಹುದು, ಅಷ್ಟೇ. ಅದು ಹೊಣೆ ಅಲ್ಲ, ಆಸ್ತಿಯ ಬೆಲೆ ಬಿದ್ದಿರುವುದು. ಬ್ಯಾಂಕುಗಳಿಗೆ ಮತ್ತು ಕೆಲವು ಹಣಕಾಸು ಸಂಸ್ಥೆಗಳಿಗೆ ಮಾತ್ರ ಕೆಟ್ಟ ಸಾಲದ ಪ್ರಾವಿಷನ್‌ಗೆ ಒಂದು ಮಿತಿಯೊಳಗೆ ವಿನಾಯಿತಿ ಇದೆ, ಅದಕ್ಕೆ ಬೇರೆಯೇ ಉಪಸೆಕ್ಷನ್. ಪೇಂಟ್ ಅಂಗಡಿಗೆ ಅದು ಸಿಗುವುದಿಲ್ಲ.

ಇನ್ನು ಆ 2 ಲಕ್ಷ ಅಡ್ವಾನ್ಸ್. ಇದನ್ನು ಬ್ಯಾಡ್ ಡೆಟ್ ಸಾಲಿಗೆ ಸೇರಿಸಬೇಡಿ. ಬ್ಯಾಡ್ ಡೆಟ್ ಅನ್ನಿಸಿಕೊಳ್ಳಲು ಆ ಮೊತ್ತ ಮೊದಲು ನಿಮ್ಮ ಆದಾಯದ ಲೆಕ್ಕದಲ್ಲಿ ಬಂದಿರಬೇಕು. ಕಂಟ್ರಾಕ್ಟರ್ ಬಾಕಿ 2023ರಲ್ಲಿ ಮಾರಾಟ ಅಂತ ಬಂದಿತ್ತು, ಅದಕ್ಕೆ ತೆರಿಗೆಯೂ ಕಟ್ಟಿದ್ದೀರಿ. ಅಡ್ವಾನ್ಸ್ ಯಾವತ್ತೂ ನಿಮ್ಮ ಆದಾಯ ಆಗಿರಲಿಲ್ಲ, ನಿಮ್ಮ ಜೇಬಿನಿಂದ ಹೋದ ಹಣ ಅದು. ಮಾಲು ಕೊಳ್ಳಲು ಕೊಟ್ಟ ಅಡ್ವಾನ್ಸ್ ಆದ್ದರಿಂದ ಅದನ್ನು ವ್ಯಾಪಾರದ ನಷ್ಟ ಅಂತ ಸೆಕ್ಷನ್ 28ರ ಅಡಿ ಕೇಳಬಹುದು. ಆದರೆ ಇಲ್ಲಿ ಟಿಆರ್‌ಎಫ್ ತೀರ್ಪು ನಿಮ್ಮ ಕೈ ಹಿಡಿಯುವುದಿಲ್ಲ. ಎಂಟ್ರಿ ಹಾಕಿದರೆ ಸಾಕಾಗಲ್ಲ, ನಷ್ಟ ನಿಜವಾಗಿ ಆ ವರ್ಷ ಆಗಿದೆ ಅಂತ ತೋರಿಸಬೇಕು. ಸಪ್ಲೈಯರ್ ಅಂಗಡಿ ಮುಚ್ಚಿದ್ದು, ಜಿಎಸ್‌ಟಿ ನೋಂದಣಿ ರದ್ದಾದದ್ದು, ನೋಟಿಸ್ ಲಕೋಟೆ ವಾಪಸ್ ಬಂದದ್ದು, ಪೊಲೀಸ್ ದೂರು, ಇಂಥವನ್ನೆಲ್ಲ ಒಂದು ಫೈಲಿನಲ್ಲಿಡಿ. ನೀವು ಕೇಳಿದ "ಖಾತ್ರಿ ಆಗದ ನಷ್ಟ" ಅನ್ನುವ ತೊಡಕು ನಿಜವಾಗಿ ಇರುವುದು ಈ 2 ಲಕ್ಷಕ್ಕೆ, ಆ 10 ಲಕ್ಷಕ್ಕಲ್ಲ. ಸಪ್ಲೈಯರ್ ಇನ್ನೂ "ಮುಂದಿನ ತಿಂಗಳು ಲೋಡ್ ಕಳಿಸ್ತೀನಿ" ಅಂತ ಮೆಸೇಜ್ ಮಾಡ್ತಿದ್ದರೆ ಈ ವರ್ಷ ಬಿಟ್ಟು ಕಾಯುವುದೇ ಸರಿ.

ಮೊದಲು ಆದಾಯದ ಲೆಕ್ಕದಲ್ಲಿ ಬಂದಿರಬೇಕು ಅನ್ನುವ ಅದೇ ನಿಯಮ ಜಿಎಸ್‌ಟಿಯ 1.80 ಲಕ್ಷಕ್ಕೂ ತಲೆನೋವು ತರುತ್ತೆ. ನೀವು ಮಾರಾಟವನ್ನು ತೆರಿಗೆ ಬಿಟ್ಟು ಬರೆದಿದ್ದರೆ ಆ 1.80 ಲಕ್ಷ ಲಾಭ-ನಷ್ಟ ಖಾತೆಗೆ ಬಂದೇ ಇಲ್ಲ. ಸರ್ಕಾರಕ್ಕೆ ಮಾತ್ರ ಆಗಲೇ ಕಟ್ಟಿ ಆಗಿದೆ, ಅದನ್ನು ವಾಪಸ್ ಪಡೆಯುವ ದಾರಿ ನಮ್ಮ ಜಿಎಸ್‌ಟಿಯಲ್ಲಿ ಇಲ್ಲ. ಈ ಭಾಗವನ್ನು ಬೇರೆಯಾಗಿ, ವ್ಯಾಪಾರದ ನಷ್ಟ ಅಂತಲೇ ಕೇಳಿ, ತಕರಾರು ಬರಬಹುದು ಅಂತ ತಿಳಿದೇ ಕೇಳಿ. ಹಾಗೆ ಬೇರೆ ಇಟ್ಟರೆ ಇದನ್ನು ಕೈಬಿಟ್ಟರೂ ಉಳಿದ 10 ಲಕ್ಷಕ್ಕೆ ಧಕ್ಕೆ ಆಗಲ್ಲ. ಅಂದ ಹಾಗೆ, ಬಿಲ್ ಆದ 180 ದಿನದೊಳಗೆ ಹಣ ಕೊಡದ ಖರೀದಿದಾರ ತಾನು ತಗೊಂಡ ಇನ್‌ಪುಟ್ ಕ್ರೆಡಿಟ್ ಅನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ನಿಮ್ಮ ಕಂಟ್ರಾಕ್ಟರ್ ಕಟ್ಟಿರುವುದು ಅನುಮಾನ. ರಾಜಿ ಮಾತುಕತೆಯಲ್ಲಿ ನಿಮ್ಮ ವಕೀಲರು ಇದನ್ನು ಒಮ್ಮೆ ನೆನಪಿಸಿದರೆ ತಪ್ಪಿಲ್ಲ.

ಲೆಕ್ಕ ಮುಗಿಸುವ ಮೊದಲು ಕೆಲವು ಮಾತು. ಎಂಟ್ರಿಯನ್ನು ನೀವು ಜುಲೈನಲ್ಲಿ ಕೂತು ಹಾಕಿದರೂ ಪರವಾಗಿಲ್ಲ, 2025-26ರ ಲೆಕ್ಕದಲ್ಲಿ ಇರಬೇಕು, ಆಡಿಟರ್ ಸಹಿ ಆಗುವ ಮುಂಚೆ ಇರಬೇಕು. ಪುಸ್ತಕದಲ್ಲಿ ಏನೂ ಇಲ್ಲದೆ ರಿಟರ್ನ್ ಲೆಕ್ಕದಲ್ಲಿ ಮಾತ್ರ ಕಳೆದರೆ ಅದು ನಿಲ್ಲುವುದಿಲ್ಲ. ನೀವು 44AD ಅಡಿ ಶೇಕಡಾವಾರು ಲಾಭ ತೋರಿಸುವವರಾದರೆ ಈ ಉತ್ತರವೆಲ್ಲ ವ್ಯರ್ಥ, ಅಲ್ಲಿ ಯಾವ ಖರ್ಚನ್ನೂ ಬೇರೆ ಕಳೆಯುವಂತಿಲ್ಲ. ರಿಟರ್ನ್ ಫಾರಂನಲ್ಲಿ 1 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬ್ಯಾಡ್ ಡೆಟ್ ಇದ್ದರೆ ಆ ಪಾರ್ಟಿಯ ಪ್ಯಾನ್ ಕೇಳುತ್ತೆ, ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರಿನ ಒಳಗೇ ಅದು ಸಿಗುತ್ತೆ, ಮೊದಲ ಎರಡು ಅಂಕಿ ಬಿಟ್ಟು ಮುಂದಿನ ಹತ್ತು ಅಕ್ಷರ. ಪ್ಯಾನ್ ಕೊಟ್ಟ ಮೇಲೆ ಇಲಾಖೆ ಆ ಕಡೆಯ ಲೆಕ್ಕವನ್ನೂ ನೋಡಬಹುದು. ಹಾಗಾಗಿ ಒಂದು ಕಡೆ ರೈಟ್ ಆಫ್ ಮಾಡಿ ಇನ್ನೊಂದು ಕಡೆ ಅದೇ ಪಾರ್ಟಿಗೆ ಉದ್ರಿ ಮಾಲು ಕೊಡುತ್ತಾ ಇದ್ದರೆ, ಅಥವಾ ಪಾರ್ಟಿ ನಿಮ್ಮ ಸಂಬಂಧಿಯೇ ಆಗಿದ್ದರೆ, ಸಾಬೀತು ಬೇಡ ಅನ್ನುವ ತೀರ್ಪು ಇದ್ದರೂ ಇದು ಪ್ರಾಮಾಣಿಕ ತೀರ್ಮಾನವೇ ಅನ್ನುವ ಪ್ರಶ್ನೆ ಬಂದೇ ಬರುತ್ತೆ.

ಬ್ಯಾಂಕಿನ ಸಿಸಿ ಲಿಮಿಟ್ ಕಡಿಮೆ ಆಗುತ್ತೆ ಅಂತ ಹೆದರಿ ರೈಟ್ ಆಫ್ ಮುಂದೂಡುವವರೂ ಇದ್ದಾರೆ. 2023ರ ಬಾಕಿಯನ್ನು ಬ್ಯಾಂಕ್ ಡ್ರಾಯಿಂಗ್ ಪವರ್ ಲೆಕ್ಕದಿಂದ ಸಾಮಾನ್ಯವಾಗಿ ಯಾವತ್ತೋ ಕೈಬಿಟ್ಟಿರುತ್ತೆ. ನಿಮ್ಮ ಸ್ಟಾಕ್ ಸ್ಟೇಟ್‌ಮೆಂಟ್ ತೆಗೆದು 90 ದಿನ ಮೀರಿದ ಬಾಕಿಯ ಕಾಲಂ ನೋಡಿ, ಗೊತ್ತಾಗುತ್ತೆ.

ಕೊನೆಗೆ ಒಂದು ಸಣ್ಣ ವಿಷಯ. 2025-26ರ ಲೆಕ್ಕ ಹಳೆಯ 1961ರ ಕಾಯ್ದೆಯಲ್ಲೇ ಬರುತ್ತೆ, ಹಾಗಾಗಿ ಮೇಲೆ ಹೇಳಿದ ಸೆಕ್ಷನ್ ನಂಬರ್‌ಗಳೇ ಹಾಕಿ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿ, ಅದರಲ್ಲಿ ನಂಬರ್‌ಗಳು ಬೇರೆ. ಮುಂದೆ ಕಂಟ್ರಾಕ್ಟರ್‌ನಿಂದ ಹಣ ಬಂದರೆ ಆ ವರ್ಷದ ರಿಟರ್ನ್‌ನಲ್ಲಿ ಹೊಸ ನಂಬರಿನಡಿ ತೋರಿಸಬೇಕಾಗುತ್ತೆ. ಅದಕ್ಕೇ ಈಗಲೇ ಎಷ್ಟು ತೆಗೆದಿರಿ, ಎಷ್ಟು ಉಳಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು ದಾವೆಯ ಫೈಲಿಗೆ ಲಗತ್ತಿಸಿಡಿ. ಆಗ ಆಡಿಟರ್ ಬೇರೆಯವರಾಗಿರಬಹುದು, ಅಕೌಂಟೆಂಟ್ ಕೂಡ.